ಬಡ್ಡಿಗೆ ಮಿತಿಯಿಲ್ಲ, ವಿಮೆಗೆ ಮಿತಿ ಏಕೆ?

*ಮಾನ್ಯ ಸಂಪಾದಕರೆ, ನಾನು ಶಾಲಾ ಶಿಕ್ಷಕಿ. ವರ್ಷದ ಸಂಬಳ 9 ಲಕ್ಷ ರೂಪಾಯಿ. ಮಗಳ ಎಂಜಿನಿಯರಿಂಗ್ ಸಾಲದಲ್ಲಿ ನಾನು ಸಹಸಾಲಗಾರಳು, 60,000 ರೂಪಾಯಿ ಬಡ್ಡಿ ಕಟ್ಟಿದ್ದೇನೆ. 68 ವರ್ಷದ ತಾಯಿಯ ಆರೋಗ್ಯ ವಿಮೆಗೆ 28,000 ಕಟ್ಟಿದ್ದೇನೆ. 2025-26ರ ತೆರಿಗೆಯಲ್ಲಿ ಎಷ್ಟು ಉಳಿಯುತ್ತದೆ? ಬಡ್ಡಿಗೆ ಮಿತಿಯಿಲ್ಲ, ವಿಮೆಗೆ ಮಾತ್ರ ಮಿತಿ ಏಕೆ?*
*— ಓದುಗರೊಬ್ಬರು, ಚಿಂತಾಮಣಿ*

ಮಾನ್ಯರೆ,

ಎರಡು ಕಡಿತಗಳಿಗೂ ನೀವು ಅರ್ಹರು. ಸಾಲ ನಿಮ್ಮ ಹೆಸರಿನಲ್ಲೂ ಇರುವುದರಿಂದ 80ಇ ಕಲಮು ಅನ್ವಯಿಸುತ್ತದೆ. ಬರಿಯ ಜಾಮೀನುದಾರರಾಗಿದ್ದರೆ ಈ ಹಕ್ಕು ಇರುತ್ತಿರಲಿಲ್ಲ. ಬಡ್ಡಿ ಕಟ್ಟಲು ಆರಂಭಿಸಿದ ವರ್ಷವೂ ಸೇರಿ ಎಂಟು ವರ್ಷ ಇದು ಸಿಗುತ್ತದೆ. ಆದರೆ ಅಸಲಿಗೆ ಸಿಗುವುದಿಲ್ಲ. ತಾಯಿ ಹಿರಿಯ ನಾಗರಿಕರಾದ್ದರಿಂದ ಅವರ ವಿಮೆಗೆ 80ಡಿ ಕಲಮಿನಲ್ಲಿ 50,000 ರೂಪಾಯಿವರೆಗೆ ಅವಕಾಶವಿದೆ. ಕಂತನ್ನು ನಗದಾಗಿ ಕಟ್ಟಿರಬಾರದು.

ಆದರೆ ಇವೆರಡೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಭವಿಷ್ಯ ನಿಧಿ ಮುಂತಾದ ಉಳಿತಾಯದಲ್ಲಿ ನೀವು 1,50,000 ರೂಪಾಯಿಯನ್ನು ಪೂರ್ತಿ ತುಂಬಿದ್ದೀರಿ ಎಂದಿಟ್ಟುಕೊಳ್ಳೋಣ. ಅದನ್ನೂ, ಸಂಬಳದಾರರ 50,000ದ ಸಾಮಾನ್ಯ ಕಡಿತವನ್ನೂ, ನಿಮ್ಮ ಬಡ್ಡಿ ಮತ್ತು ಕಂತನ್ನೂ ಕಳೆದರೆ 6,12,000 ಉಳಿದು, ಸೆಸ್ ಸೇರಿ 36,296 ರೂಪಾಯಿ ತೆರಿಗೆ ಬರುತ್ತದೆ. ಹೊಸ ಪದ್ಧತಿಯಲ್ಲಿ ನಿಮಗೆ 75,000ದ ಸಾಮಾನ್ಯ ಕಡಿತವೊಂದೇ ಸಿಗುತ್ತದೆ; ಉಳಿಯುವ 8,25,000 ರೂಪಾಯಿ ಆದಾಯ 12 ಲಕ್ಷದೊಳಗೆ ಇರುವುದರಿಂದ ರಿಯಾಯಿತಿ ದೊರೆತು ತೆರಿಗೆ ಸೊನ್ನೆಯಾಗುತ್ತದೆ. ಆದ್ದರಿಂದ ಈ ವರ್ಷ ರಸೀದಿಗಳನ್ನು ಹುಡುಕುವ ಕಷ್ಟ ನಿಮಗೆ ಬೇಡ, ಹೊಸ ಪದ್ಧತಿಯೇ ಲೇಸು.

ಮಿತಿಯ ಪ್ರಶ್ನೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ವ್ಯಾಪಾರಿ ಬಂಡವಾಳಕ್ಕೆ ತಂದ ಸಾಲದ ಬಡ್ಡಿಯನ್ನು ಲಾಭದಲ್ಲಿ ಕಳೆದೇ ತೆರಿಗೆ ಕಟ್ಟುತ್ತಾನೆ. ವಿದ್ಯೆಯೂ ಮುಂದಿನ ದುಡಿಮೆಗೆ ಹಾಕಿದ ಬಂಡವಾಳವಾದ್ದರಿಂದ ಅದರ ಬಡ್ಡಿಗೆ ಮೇಲ್ಮಿತಿ ಇಡದಿರುವುದು ನ್ಯಾಯವೇ. ವಿಮೆಯಾದರೋ ಪ್ರತಿ ವರ್ಷವೂ ಬರುವ ಖರ್ಚು. ಹೆಚ್ಚು ದುಡಿಯುವವರು ಕೊಳ್ಳುವ ದುಬಾರಿ ಪಾಲಿಸಿಯ ಭಾರವನ್ನೆಲ್ಲ ಖಜಾನೆ ಹೊರಬಾರದೆಂದು ಮಿತಿ ಬೇಕು, ವಯಸ್ಸಿನೊಂದಿಗೆ ಕಂತು ಏರುವುದರಿಂದ ಹಿರಿಯರಿಗೆ ಆ ಮಿತಿ ದೊಡ್ಡದಿರಬೇಕು.

ಇಷ್ಟಾದರೂ ಕಡಿತವೆಂಬ ದಾರಿಯಲ್ಲಿಯೇ ಒಂದು ಕೊರತೆಯಿದೆ, ಅದು ನನ್ನನ್ನು ಬಹಳ ಕಾಡುತ್ತದೆ. ಶೇಕಡಾ 30ರ ಹಂತದವರಿಗೆ ನೂರು ರೂಪಾಯಿ ಕಂತಿನಲ್ಲಿ 30 ರೂಪಾಯಿಗೂ ಮೇಲೆ ಉಳಿದರೆ, ಶೇಕಡಾ 5ರ ಹಂತದವರಿಗೆ 5 ರೂಪಾಯಿಯ ಆಸುಪಾಸು. ತೆರಿಗೆಯ ಮಟ್ಟವನ್ನೇ ಮುಟ್ಟದ ಶಿಡ್ಲಘಟ್ಟದ ನೂಲು ಬಿಚ್ಚುವ ಕಾರ್ಮಿಕರಿಗೆ ಏನೂ ಇಲ್ಲ. ಅದಕ್ಕಾಗಿಯೇ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ತೆಗೆದದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ಆ ಕಾರ್ಮಿಕರು ತಾವೇ ಪಾಲಿಸಿ ಕೊಂಡರೂ ಅದು ಅವರಿಗೂ ಸಲ್ಲುತ್ತದೆ. ಮುಂದಿನ ನವೀಕರಣದ ರಸೀದಿ ಬಂದಾಗ ತಾಯಿಯವರ ಕಂತಿನಲ್ಲಿ ಜಿಎಸ್‌ಟಿ ಸೇರಿಲ್ಲವೆಂದು ನೋಡಿಕೊಳ್ಳಿ.

— ಸಂಪಾದಕ