ಗಾಳಿಯ ದಿಕ್ಕು ಬದಲಾಗುವ ಬಗೆ

“ಮಂಡ್ಯದಲ್ಲಿ ಜೂನ್‌ನಲ್ಲಿ ಪಡುವಣದಿಂದ ಬೀಸುವ ಗಾಳಿ ನವೆಂಬರಿನಲ್ಲಿ ಮೂಡಣದಿಂದ ಬರುವುದೇಕೆ?”

ಬೇಸಿಗೆಯಲ್ಲಿ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ, ಸೂರ್ಯನನ್ನು ಹಿಂಬಾಲಿಸುವ ಕಡಿಮೆ ಒತ್ತಡದ ಪಟ್ಟಿಯು ಉತ್ತರ ಭಾರತದವರೆಗೆ ಸರಿಯುತ್ತದೆ. ಅದರತ್ತ ಹೊರಟ ದಕ್ಷಿಣ ಗೋಳಾರ್ಧದ ಆಗ್ನೇಯ ಮಾರುತಗಳು ಸಮಭಾಜಕ ವೃತ್ತವನ್ನು ದಾಟಿದ ಮೇಲೆ, ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಬಾಗಿ, ಅರಬ್ಬೀ ಸಮುದ್ರದ ತೇವವನ್ನು ಹೊತ್ತ ನೈಋತ್ಯ ಮಾರುತಗಳಾಗುತ್ತವೆ. ಆದರೆ ನೆಲದ ಬಿಸಿಯೊಂದನ್ನೇ ಕಾರಣವೆಂದರೆ ಸಾಲದು. ಮಳೆಯಿಂದ ನೆಲ ತಣಿದ ಜುಲೈನಲ್ಲೂ ಈ ಗಾಳಿ ಬಲವಾಗಿಯೇ ಇರುತ್ತದೆ, ಏಕೆಂದರೆ ನೀರಾವಿಯು ಮೋಡವಾಗುವಾಗ ಹೊರಬರುವ ಶಾಖವು ಮೇಲಿನ ಗಾಳಿಯನ್ನು ಕಾಯಿಸುತ್ತಿರುತ್ತದೆ. ಅಕ್ಟೋಬರಿನ ಹೊತ್ತಿಗೆ ಪಟ್ಟಿಯು ದಕ್ಷಿಣಕ್ಕೆ ಮರಳಿ, ಉತ್ತರದ ನೆಲ ತಣಿದು ಅಲ್ಲಿ ಒತ್ತಡ ಏರುವುದರಿಂದ, ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ಕೊಡಗಿನ ಮುಂಗಾರಿನಿಂದ ಕನ್ನಂಬಾಡಿಗೆ ನೀರು ಹರಿದುಬರುವಾಗಲೂ, ಘಟ್ಟದ ಮರೆಯಲ್ಲಿರುವ ನಿಮ್ಮ ಮಂಡ್ಯದಲ್ಲಿ ಮಳೆ ಕಡಿಮೆ. ಅಲ್ಲಿ ಹೆಚ್ಚು ಮಳೆ ಸುರಿಯುವುದು ಈ ದಿಕ್ಕು ಬದಲಾಗುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ.