ಬೆಳಗ್ಗೆ ಆರಕ್ಕೆ ಯಾವ ಕೆಲಸ ಮೊದಲು?

ಪ್ರಶ್ನೆ: ಹೊಸೂರು ಸಿಪ್‌ಕಾಟ್‌ನ ಒಂದು ಮೆಷಿನ್ ಶಾಪ್‌ಗೆ ಸಿಎನ್‌ಸಿ ಟರ್ನಿಂಗ್ ಆಪರೇಟರ್ ಆಗಿ ಸೇರಿದ್ದೀನಿ. ಎರಡು ಮೆಷಿನ್ ನೋಡ್ಕೋಬೇಕು. ಶಿಫ್ಟ್ ಶುರುವಾದ ಕೂಡಲೇ ಸುಲಭದ್ದು ಮುಗಿಸಿಕೊಳ್ಳೋದಾ, ಕಷ್ಟದ್ದಕ್ಕೇ ಮೊದಲು ಕೈ ಹಾಕೋದಾ?

ಅವತ್ತು ಸೆಟ್ಟಿಂಗ್ ಬದಲಾಯಿಸುವುದಿದ್ದರೆ ಅದೇ ಮೊದಲು. ಸೆಟ್ಟಿಂಗ್ ಏನೂ ಇಲ್ಲ, ಟೈಟ್ ಟಾಲರೆನ್ಸ್ ಜಾಬ್ ಓಡಿಸುವುದಷ್ಟೇ ಇದ್ದರೆ ಮೊದಲ ಅರ್ಧ ಗಂಟೆ ಸುಲಭದ್ದು. ನಾನೂ ಹೊಸೂರಿನವನೇ, ಆಪರೇಟರ್ ಆಗಿ ಸೇರಿ ಈಗ ಸೆಟ್ಟರ್ ಕೆಲಸ ಮಾಡುತ್ತೇನೆ. ಯಾಕೆ ಹೀಗೆ ಅಂತ ಹೇಳುತ್ತೇನೆ.

ಟೈಟ್ ಜಾಬ್ ವಿಷಯದಲ್ಲಿ ನಿಮ್ಮ ತಲೆ ಎಷ್ಟು ಚುರುಕಾಗಿದೆ ಅನ್ನುವುದಕ್ಕಿಂತ ಮೆಷಿನ್ ಎಷ್ಟು ಬಿಸಿಯಾಗಿದೆ ಅನ್ನುವುದೇ ಮುಖ್ಯ. ಭಾನುವಾರ ರಜೆ ಇತ್ತು, ಸೋಮವಾರ ಬೆಳಗ್ಗೆ ಆರಕ್ಕೆ ಆನ್ ಮಾಡಿದಿರಿ ಅಂದುಕೊಳ್ಳಿ. ಸ್ಪಿಂಡಲ್ ಬೇರಿಂಗ್, ಬಾಲ್ ಸ್ಕ್ರೂ ಎಲ್ಲ ತಣ್ಣಗಿರುತ್ತವೆ. ಓಡುತ್ತಾ ಓಡುತ್ತಾ ಬಿಸಿಯಾಗಿ ಹಿಗ್ಗುತ್ತವೆ, ಆಗ ಆಫ್‌ಸೆಟ್ ಮುಟ್ಟದೇ ಇದ್ದರೂ ಸೈಜ್ ಸರಿಯುತ್ತದೆ. ಮೊದಲ ಒಂದು ಗಂಟೆಯಲ್ಲಿ 10-15 ಮೈಕ್ರಾನ್ ಸರಿಯುವುದು ದೊಡ್ಡ ವಿಷಯವೇ ಅಲ್ಲ. ನಿಮ್ಮ ಒಂದು ಮೆಷಿನ್‌ನಲ್ಲಿ 52 ಎಚ್7 ಬೋರ್ ಇದೆ ಅಂತಿಟ್ಟುಕೊಳ್ಳಿ. ಅಂದರೆ 52.000ದಿಂದ 52.030 ಒಳಗೆ ಇರಬೇಕು. ಆರು ಗಂಟೆಗೇ ಮೊದಲ ಪೀಸ್ ತೆಗೆದು, 52.020 ಬಂತು, ಓಕೆ ಅಂತ ಓಡಿಸುತ್ತೀರಿ. ಮೆಷಿನ್ ದೊಡ್ಡದಾಗುವ ಕಡೆಗೆ ಸರಿಯುವಂಥದ್ದಾದರೆ ಏಳು ಗಂಟೆ ಹೊತ್ತಿಗೆ ಅದೇ ಬೋರ್ 52.033 ಆಗಿರುತ್ತದೆ. ಬೋರ್ ಚಿಕ್ಕದಾದರೆ ಇನ್ನೊಂದು ಪಾಸ್ ಕೊಡಬಹುದು, ದೊಡ್ಡದಾದರೆ ಸ್ಕ್ರಾಪ್ ಅಲ್ವಾ?

ಅದಕ್ಕೇ ಇಂಥ ದಿನ ಟೈಟ್ ಜಾಬ್ ಇರುವ ಮೆಷಿನ್‌ನಲ್ಲಿ ವಾರ್ಮ್-ಅಪ್ ಪ್ರೋಗ್ರಾಂ ಹಾಕಿ ಬಿಡಿ, ಸ್ಪಿಂಡಲ್ ಸ್ಪೀಡ್ ನಿಧಾನಕ್ಕೆ ಏರುತ್ತಾ, ಎಕ್ಸ್ ಮತ್ತು ಝಡ್ ಎರಡೂ ಪೂರ್ತಿ ಓಡಾಡುವ ಹಾಗೆ, ಇಪ್ಪತ್ತು ಮೂವತ್ತು ನಿಮಿಷ. ಆ ಹೊತ್ತಲ್ಲಿ ಇನ್ನೊಂದು ಮೆಷಿನ್‌ನಲ್ಲಿ 0.1 ಮಿ.ಮೀ. ಟಾಲರೆನ್ಸ್‌ನ ಬುಷ್ ಓಡಿಸಿಕೊಳ್ಳಿ, ಅದಕ್ಕೆ ಈ ಸರಿದಾಟ ಲೆಕ್ಕಕ್ಕೇ ಬರಲ್ಲ. ಆಮೇಲೆ ಬೋರ್ ಶುರು ಮಾಡಿ, ಮೊದಲ ಹತ್ತು ಪೀಸ್ ಸೈಜ್ ಸಾಲಾಗಿ ಬರೆದಿಡಿ. ಒಂದೇ ಕಡೆಗೆ ಸರಿದು ನಂತರ ನಿಂತುಬಿಟ್ಟರೆ ಅದು ಬಿಸಿಯದ್ದು. ನಿಲ್ಲದೆ ನಿಧಾನಕ್ಕೆ ಬೋರ್ ಚಿಕ್ಕದಾಗುತ್ತಾ ಹೋದರೆ ಇನ್ಸರ್ಟ್ ಸವೆಯುತ್ತಿದೆ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಅಂತ ಕುಣಿದರೆ ಕ್ಲಾಂಪಿಂಗ್ ಅಥವಾ ಅಳೆಯುವ ಕೈ ನೋಡಿ. ಟೀ ಬ್ರೇಕ್‌ಗೆ ಮೆಷಿನ್ ನಿಲ್ಲಿಸಿ ಹೋಗಿದ್ದರೆ ಬಂದ ಮೇಲಿನ ಮೊದಲ ಪೀಸನ್ನೂ ಅಳೆಯಲೇಬೇಕು, ಅಷ್ಟರಲ್ಲಿ ತಣ್ಣಗಾಗಿರುತ್ತದೆ.

ಸೆಟ್ಟಿಂಗ್ ಕಥೆ ಪೂರ್ತಿ ಉಲ್ಟಾ. ಸಾಫ್ಟ್ ಜಾ ಬೋರ್ ಮಾಡಬೇಕು, ಟೂಲ್ ಟಚ್ ಮಾಡಬೇಕು, ಸಿಂಗಲ್ ಬ್ಲಾಕ್‌ನಲ್ಲಿ ಪ್ರೋಗ್ರಾಂ ಒಂದೊಂದೇ ಸಾಲು ಓಡಿಸಿ ನೋಡಬೇಕು. ಇಲ್ಲಿ 0.2 ಹಾಕುವ ಕಡೆ 2.0 ಹಾಕಿದರೆ ಟೂಲ್ ಹೋಗಿ ಜಾಗೆ ಗುದ್ದಬಹುದು. ತಲೆ ಚುರುಕಾಗಿರುವಾಗಲೇ ಇದನ್ನು ಮಾಡಿ, ಇನ್ನೊಂದು ಮೆಷಿನ್ ಕಡೆ ಓಡಾಡದೆ. ಬೆಳಗ್ಗೆಯೇ ಮಾಡಿದರೆ ಹಿಂದಿನ ಶಿಫ್ಟ್‌ನವರು ಹೊರಡುವ ಮೊದಲು ಏನಾದರೂ ಕೇಳಬಹುದು, ಫಸ್ಟ್ ಪೀಸ್ ಕ್ಯೂಸಿಯಲ್ಲಿ ಕಾಯುತ್ತಾ ಕೂತರೂ ಟೈಮ್ ಇರುತ್ತದೆ. ಬುಷ್ ಎಲ್ಲ ಮುಗಿಸಿ ಹನ್ನೆರಡೂವರೆಗೆ ಸೆಟ್ಟಿಂಗ್‌ಗೆ ಕೈ ಹಾಕಿದರೆ ಎರಡು ಗಂಟೆಗೆ ಅರ್ಧ ಸೆಟ್ಟಿಂಗ್ ಬಿ ಶಿಫ್ಟ್‌ನವರ ತಲೆಗೆ ಬೀಳುತ್ತದೆ. ಯಾವ ಟೂಲ್ ಟಚ್ ಆಗಿದೆ, ಯಾವುದು ಆಗಿಲ್ಲ ಅಂತ ಅವರಿಗೆ ಗೊತ್ತಿರಲ್ಲ, ಕೊನೆಗೆ ಮೊದಲಿಂದ ಮಾಡುತ್ತಾರೆ.

ನೀವು ಹೊಸಬರು ಅಂತ ಸೂಪರ್‌ವೈಸರ್ ಮೊದಲ ಕೆಲವು ವಾರ ಸುಲಭದ ಜಾಬೇ ಕೊಟ್ಟರೆ ತಪ್ಪಿಲ್ಲ, ಆ ಮೆಷಿನ್‌ನ ಸದ್ದು, ಸರಿಯುವ ರೀತಿ ತಿಳಿಯುವುದು ಹಾಗೆಯೇ. ಆದರೆ ಅಲ್ಲೇ ನಿಲ್ಲಬೇಡಿ. ಆಸ್ಪತ್ರೆಯ ಎಮರ್ಜೆನ್ಸಿ ಡಾಕ್ಟರ್‌ಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಕೆಲಸ ಜಾಸ್ತಿಯಾದಾಗ ಅವರು ಸುಲಭದ ರೋಗಿಗಳನ್ನೇ ಆರಿಸಿಕೊಳ್ಳುತ್ತಿದ್ದರು. ಆಗಿನ ಮಟ್ಟಿಗೆ ಕೆಲಸ ಬೇಗ ಸಾಗುತ್ತಿತ್ತು, ಆದರೆ ಹೀಗೆ ಜಾಸ್ತಿ ಮಾಡಿದವರು ಮುಂದೆ ಹಿಂದೆ ಬಿದ್ದರು. ನಮ್ಮ ಶಾಪ್ ಫ್ಲೋರ್‌ನಲ್ಲೂ ಬುಷ್ ಎಣಿಸಿಕೊಂಡೇ ಇರುವವರು ಸೆಟ್ಟಿಂಗ್ ಕಲಿಯುವುದಿಲ್ಲ. ಸೆಟ್ಟರ್ ಕೆಲಸ ಶುರು ಮಾಡುವಾಗ "ಅಣ್ಣಾ, ಜಾ ಬೋರಿಂಗ್ ನಾನು ಮಾಡ್ಲಾ, ನೀವು ನೋಡ್ತಾ ಇರಿ" ಅಂತ ಕೇಳಿ, ಬೇಡ ಅನ್ನುವವರು ಕಡಿಮೆ.

ನೈಟ್ ಶಿಫ್ಟ್‌ನಲ್ಲಿ ಮಾತ್ರ ಹೊಸಬರು ಹಳಬರು ಅಂತಿಲ್ಲ, ಸೆಟ್ಟಿಂಗ್ ರಾತ್ರಿ ಹತ್ತಕ್ಕೇ ಹಿಡಿಯಿರಿ. ಮೂರರಿಂದ ಐದರ ನಡುವೆ ಕಣ್ಣು ಎಳೆಯುತ್ತದೆ, ಆಫ್‌ಸೆಟ್ ಪೇಜ್‌ನಲ್ಲಿ ಪಾಯಿಂಟ್ ಎಲ್ಲಿದೆ ಅಂತ ಎರಡು ಸಲ ನೋಡಿದರೂ ಕಾಣಲ್ಲ. ಆ ಹೊತ್ತಿಗೆ ಬುಷ್ ಉಳಿಸಿಕೊಳ್ಳಿ.