ತೂಕದ ಚೀಟಿ ಮತ್ತು ಬಿಲ್ಲು: 2,176 ರೂಪಾಯಿ ಎಲ್ಲಿ ಹೋಯ್ತು?

«40 ಚೀಲ ಗೋವಿನಜೋಳ ಎಪಿಎಂಸಿಗೆ ಹಾಕಿದ್ದೆ. ವೇಬ್ರಿಡ್ಜ್ ಚೀಟಿಯಲ್ಲಿ ತುಂಬಿದ ಟ್ರ್ಯಾಕ್ಟರ್ 5,760, ಖಾಲಿ 3,300 ಕೆಜಿ. ಬಿಲ್ಲಲ್ಲಿ 23.80 ಕ್ವಿಂಟಾಲ್, ದರ 2,100, ಕೈಗೆ ಬಂದಿದ್ದು 48,500. ಸರಿ ಇದೆಯಾ?»

ಅಣ್ಣ, ಮೊದಲು ಎರಡೂ ಕಾಗದದಲ್ಲಿ ಲಾಟ್ ನಂಬರು ಒಂದೇನಾ ನೋಡಿ. ಬೇರೆ ಇದ್ದರೆ ಮುಂದಿನ ಲೆಕ್ಕವೇ ಬೇಡ.

ಒಂದೇ ಆಗಿದ್ದರೆ ಚೀಲ ಸೇರಿ ನಿಮ್ಮ ಮಾಲು 2,460 ಕೆಜಿ. ಬಿಲ್ಲಲ್ಲಿ 2,380. ಅಂದರೆ 80 ಕೆಜಿ ಕಡಿಮೆ, ಚೀಲಕ್ಕೆ ಸರಿಯಾಗಿ 2 ಕೆಜಿ. ವೇಬ್ರಿಡ್ಜಿನ ವ್ಯತ್ಯಾಸ ಇಷ್ಟು ದುಂಡಗೆ ಬರಲ್ಲ, ಐದು ಹತ್ತು ಕೆಜಿ ಆಚೀಚೆ ಆಗಬಹುದು ಅಷ್ಟೇ. ಇದು ಚೀಲದ ಲೆಕ್ಕದಲ್ಲಿ ಮುರಿದುಕೊಂಡಿದ್ದು. ನಿಮ್ಮ ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ನೋಡಿ. ಗೋಣಿಚೀಲ ಸುಮಾರು 600 ಗ್ರಾಂ ಬಂದರೆ 40ಕ್ಕೆ 24 ಕೆಜಿ, ಮಾಲು 2,436. ಪ್ಲಾಸ್ಟಿಕ್ ಚೀಲವಾದರೆ ಇನ್ನೂ ಕಡಿಮೆ ಮುರಿಯಬೇಕು. ಉಳಿದ 56 ಕೆಜಿ ಸೂಟು ಅಂತ ತೂಕದಲ್ಲಿ ಹೆಚ್ಚಿಗೆ ಮುರಿದುಕೊಂಡು ಹೋಗಿರುತ್ತೆ, ಅದೇ 1,176 ರೂಪಾಯಿ.

«ಜೋಳ ಹಸಿ ಇತ್ತು, ಅದಕ್ಕೆ ಮುರಿದೆವು» ಅಂತ ಅಂಗಡಿಯವರು ಅನ್ನಬಹುದು. ಆದರೆ ಕೊಳ್ಳುವವರು ಕಾಳು ಕೈಯಲ್ಲಿ ಹಿಡಿದು ನೋಡಿಯೇ 2,100 ಕೂಗಿದ್ದು ಅಲ್ವಾ? ತೇವಕ್ಕೆ ದರದಲ್ಲೂ ಇಳಿಸಿ ತೂಕದಲ್ಲೂ ಕಡಿದರೆ ಒಂದೇ ಕಾರಣಕ್ಕೆ ಎರಡು ಸಲ ಕಡಿದಂತಾಯ್ತು.

ಈಗ ಬಿಲ್ಲು. 23.80 × 2,100 = 49,980. ಕೊಟ್ಟಿದ್ದು 48,500, ಕಡಿತ 1,480. ನೀವು ಹಾಕಿದ ಫೋಟೋದಲ್ಲಿ ಹಮಾಲಿ 480 ಓದೋಕೆ ಬರುತ್ತೆ, ಚೀಲಕ್ಕೆ 12. ಉಳಿದ 1,000 ಅಂದರೆ 2 ಪರ್ಸೆಂಟು. ಅದರ ಮುಂದೆ ಏನು ಬರೆದಿದೆ ಅಂತ ಹೇಳಿ, ಫೋಟೋದಲ್ಲಿ ಮಸುಕಾಗಿದೆ. ದಲ್ಲಾಲಿ ಅಂತ ಇದ್ದರೆ ಒಪ್ಪಬೇಡಿ. ನಮ್ಮ ರಾಜ್ಯದ ಎಪಿಎಂಸಿಯಲ್ಲಿ ದಲ್ಲಾಲಿ ಕೊಡಬೇಕಾದವನು ಕೊಳ್ಳುವವನು. ಮುಂಗಡದ ಬಾಬ್ತು ಆಗಿದ್ದರೆ ಮಾತ್ರ ಬೇರೆ ವಿಷಯ, ಸಾಲದ ಲೆಕ್ಕ ಬೇರೆಯೇ ಹಾಳೆಯಲ್ಲಿ ಕೇಳಿ.

ಮೇಲೆ ಕಾಮೆಂಟಲ್ಲಿ ಒಬ್ಬರು «ಸೆಸ್ ಮುರಿದಿರ್ತಾರೆ, ಅದು ಕಾನೂನು» ಅಂದಿದ್ದಾರೆ. ಸೆಸ್ ಇರೋದು ನಿಜ, ಆದರೆ ಅದನ್ನೂ ಕಟ್ಟಬೇಕಾದವನು ಕೊಳ್ಳುವವನೇ, ರೈತನ ಹಣದಿಂದ ಅಲ್ಲ.

ಹಮಾಲಿ ಒಪ್ಪಿಕೊಂಡರೂ 24.36 × 2,100 = 51,156, ಅದರಲ್ಲಿ 480 ಕಳೆದು 50,676 ಬರಬೇಕಿತ್ತು. ಬಂದಿದ್ದು 48,500, ಅಂದರೆ ತೂಕದ 1,176 ಮತ್ತು ಆ 1,000 ಸೇರಿ 2,176 ಕಡಿಮೆ. ಹಮಾಲಿ ದರ 12 ಸರಿಯೋ ಅಲ್ಲವೋ ನಿಮ್ಮ ಯಾರ್ಡಿನ ದರ ನೋಡಿದ ಮೇಲೇ ಗೊತ್ತಾಗೋದು, ಕಚೇರಿಯಲ್ಲಿ ಕೇಳಿ.

ಎರಡೂ ಚೀಟಿ ಜೆರಾಕ್ಸ್ ಮಾಡಿಸಿ, ಅಸಲು ನಿಮ್ಮ ಹತ್ತಿರ ಇರಲಿ. ಮೊದಲು ಅಂಗಡಿಯವರಿಗೇ ಈ 56 ಕೆಜಿ ತೋರಿಸಿ ಕೇಳಿ. ಸರಿಮಾಡದಿದ್ದರೆ ಎಪಿಎಂಸಿ ಕಾರ್ಯದರ್ಶಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.